ಹತ್ತು ಕೋರ್ ಇದ್ದರೂ ಗೇಮ್ ಯಾಕೆ ತಡವರಿಸುತ್ತದೆ?

ಪ್ರಶ್ನೆ: ಬೆಳಗಾವಿಯ ಅಂಗಡಿಯಲ್ಲಿ ಇಂಟೆಲ್‌ನ i7-1255U, i7-12650H ಪ್ರೊಸೆಸರ್ ಇರುವ ಎರಡೂ ಲ್ಯಾಪ್‌ಟಾಪ್ ನೋಡಿದೆ. ಎರಡಕ್ಕೂ 10 ಕೋರ್, 4.7 ಗಿಗಾಹರ್ಟ್ಸ್. ಆದರೂ ಗೇಮ್‌ನಲ್ಲಿ U ಯಾಕೆ ಅಷ್ಟು ಹಿಂದೆ?

ಉತ್ತರ: ಮೊದಲು ಆ ಹತ್ತನ್ನು ಬಿಡಿಸಿ ನೋಡಿ. 1255Uದಲ್ಲಿ ದೊಡ್ಡ ಕೋರ್ ಎರಡೇ, ಉಳಿದ ಎಂಟು ಸಣ್ಣವು. 12650Hದಲ್ಲಿ ದೊಡ್ಡವೇ ಆರು. ಗೇಮ್‌ನ ಮುಖ್ಯ ಕೆಲಸವೆಲ್ಲ ದೊಡ್ಡ ಕೋರ್‌ಗಳ ಮೇಲೆ ಬೀಳುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ವಿದ್ಯುತ್ತಿನದು. U ಚಿಪ್‌ನ ಮೂಲ ಮಿತಿ 15 ವ್ಯಾಟ್, Hದ್ದು 45. U ಸ್ವಲ್ಪ ಹೊತ್ತು 55 ವ್ಯಾಟ್‌ವರೆಗೂ ಏರಬಲ್ಲದು; ಅಂಗಡಿಯಲ್ಲಿ ತೋರಿಸುವ ಚಿಕ್ಕ ಪರೀಕ್ಷೆಯಲ್ಲಿ ಮಿಂಚುವುದು ಅದಕ್ಕೇ. ಗೇಮ್ ಗಂಟೆಗಟ್ಟಲೆ ನಡೆಯುತ್ತದೆ. ಈ ಟರ್ಬೊ ಅವಧಿ ಮುಗಿದ ಮೇಲೆ, ಲ್ಯಾಪ್‌ಟಾಪ್ ತಯಾರಕರು ಇಟ್ಟ ಕಡಿಮೆ ಮಿತಿಗೆ ಚಿಪ್ ಇಳಿಯುತ್ತದೆ, ವೇಗವೂ ಇಳಿಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಒಳಗಿನ ಗ್ರಾಫಿಕ್ಸೂ ಅದೇ 15 ವ್ಯಾಟ್‌ನಲ್ಲೇ ಪಾಲು ಕೇಳುತ್ತದೆ. 4.7 ಎನ್ನುವುದು ಕ್ಷಣಿಕ ಗರಿಷ್ಠ, ಸತತ ವೇಗವಲ್ಲ.

ಪತ್ತೆ ಹಚ್ಚಲು ಚಿಪ್‌ನ ವಿದ್ಯುತ್, ತಾಪ ತೋರಿಸುವ HWiNFO ತಂತ್ರಾಂಶ ತೆರೆದಿಟ್ಟು ಹದಿನೈದು ನಿಮಿಷ ಗೇಮ್ ಆಡಿ, CPU Package Power ಗಮನಿಸಿ. ಅದು 15ರ ಹತ್ತಿರ ನಿಂತು ತಾಪ 70 ಡಿಗ್ರಿಯ ಆಸುಪಾಸಿದ್ದರೆ ಮಿತಿಯೇ ಕಾರಣ. ಚಾರ್ಜರ್ ಹಾಕಿ, ತಯಾರಕರ ಆ್ಯಪ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮಿತಿ ಏರುತ್ತದೆ. ತಾಪ 95 ದಾಟಿದರೆ ತೊಂದರೆ ಕೂಲಿಂಗ್‌ನದು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ತೆಳು ಲ್ಯಾಪ್‌ಟಾಪ್‌ಗೆ ಇದು ಸಾಮಾನ್ಯ, ಆಗ ಮಿತಿ ಏರಿಸಿದರೂ ಲಾಭವಿಲ್ಲ. ಗೇಮ್‌ಗೇ ಕೊಳ್ಳುವುದಾದರೆ H ತಗೊಳ್ರಿ.