ಟರ್ಮಿನಲ್ ವ್ಯಾಲ್ಯೂ ಎಲ್ಲಿ ಉಬ್ಬುತ್ತದೆ?

ಪ್ರಶ್ನೆ: ನನ್ನ ಡಿಸಿಎಫ್ ಲೆಕ್ಕದಲ್ಲಿ ಟರ್ಮಿನಲ್ ವ್ಯಾಲ್ಯೂ ತೀರಾ ದೊಡ್ಡದಾಗಿದೆ. ತಪ್ಪು ಎಲ್ಲಿರಬಹುದು?

ಕಂಪನಿಗೆ ಮುಂದೆ ಬರುವ ನಗದನ್ನು ಡಿಸ್ಕೌಂಟ್ ದರದಿಂದ ಇಂದಿನ ಮೌಲ್ಯಕ್ಕೆ ಇಳಿಸುವುದೇ ಡಿಸಿಎಫ್; ಮುನ್ನೋಟದ ವರ್ಷಗಳು ಮುಗಿದ ಮೇಲೆ ಬರುವ ಎಲ್ಲ ನಗದಿನ ಮೌಲ್ಯವೇ ಟರ್ಮಿನಲ್ ವ್ಯಾಲ್ಯೂ. ಮೊದಲು ಅದಕ್ಕೆ ಆಧಾರವಾದ ಫ್ರೀ ಕ್ಯಾಶ್ ಫ್ಲೋ ನೋಡಿ. ತೆರಿಗೆ ಕಳೆದ ಕಾರ್ಯಾಚರಣೆ ಲಾಭದಲ್ಲಿ ಮರುಹೂಡಿಕೆ ಹೋಗಿ ಉಳಿಯುವ ಹಣ ಅದು. ಬೆಳವಣಿಗೆ ಪುಕ್ಕಟೆ ಬರುವುದಿಲ್ಲ.

ಐದು ವರ್ಷದ ಮುನ್ನೋಟದ ನಂತರ, ಆರನೆಯ ವರ್ಷದ ಲಾಭ 120 ಕೋಟಿ ರೂಪಾಯಿ ಎನ್ನೋಣ. ಡಿಸ್ಕೌಂಟ್ ದರ ಶೇ 12, ಶಾಶ್ವತ ಬೆಳವಣಿಗೆ ಶೇ 5. ಮರುಹೂಡಿಕೆಗೆ 15 ಕೋಟಿ ಮಾತ್ರ ತೆಗೆದಿಟ್ಟರೆ 105 ÷ (0.12 − 0.05) = 1,500 ಕೋಟಿ. ಆದರೆ ಹೊಸ ಹೂಡಿಕೆಯ ಮೇಲೆ ಶೇ 15 ಗಳಿಸುವ ಕಂಪನಿ ಶೇ 5ರಷ್ಟು ಬೆಳೆಯಲು ಲಾಭದ ಮೂರನೇ ಒಂದು ಭಾಗ, ಅಂದರೆ 40 ಕೋಟಿ, ಮತ್ತೆ ಹೂಡಲೇಬೇಕು. ಉಳಿಯುವುದು 80; ಟರ್ಮಿನಲ್ ವ್ಯಾಲ್ಯೂ ಸುಮಾರು 1,143 ಕೋಟಿಗೆ ಇಳಿಯುತ್ತದೆ.

ನಿಮ್ಮ ಶೀಟಿನ ಕೊನೆಯ ಕಾಲಮ್‌ನಲ್ಲಿ ಆಸ್ತಿಗಳ ಮೇಲಿನ ಬಂಡವಾಳ ವೆಚ್ಚ ಸವಕಳಿಗಿಂತ ಕಡಿಮೆಯಿದ್ದರೆ, ಅಂದರೆ ಹಳೆಯ ಆಸ್ತಿಗಳ ಸವೆತ ತುಂಬುವಷ್ಟೂ ಹೂಡದಿದ್ದರೆ, ಬಹುತೇಕ ಅಲ್ಲೇ ಎಡವಿದ್ದೀರಿ.