ಶಾಲೆ ಹತ್ತಿರ ಹಂಪ್ ಹಾಕಿಸಲು ನಗರಸಭೆಗೆ ಪತ್ರದಲ್ಲಿ ಏನು ಬರೆಯಬೇಕು?

"ನಮ್ಮ ಬಡಾವಣೆಯ ಶಾಲೆ ಹತ್ತಿರ ಮೂರು ರಸ್ತೆ ಕೂಡುತ್ತವೆ. ಗಾಡಿಗಳು ತುಂಬಾ ಜೋರಾಗಿ ಬರ್ತವೆ. ಹಂಪ್, ಬೋರ್ಡ್ ಹಾಕಿಸಿ ಅಂತ ನಗರಸಭೆಗೆ ಎಲ್ಲರೂ ಸೇರಿ ಪತ್ರ ಕೊಡಬೇಕು. ಹೇಗೆ ಬರೆಯೋದು?"

ನಾವೂ ಇದೇ ಕೆಲಸ ಮಾಡಿದ್ದೇವೆ. ಮೊದಲ ಪತ್ರದಲ್ಲಿ "ಶಾಲೆ ಹತ್ತಿರ ಹಂಪ್ ಹಾಕಿಸಿ" ಅಂತ ಮಾತ್ರ ಬರೆದು, ಅರವತ್ತು ಜನರ ಸಹಿ ಹಾಕಿಸಿದ್ದೆವು. ಏನೂ ಆಗಲಿಲ್ಲ. ವಿಚಾರಿಸಲು ಹೋದಾಗ ಇಂಜಿನಿಯರ್ ಕೇಳಿದ್ದು ಒಂದೇ ಮಾತು: "ಮೂರು ರಸ್ತೆಯಲ್ಲಿ ಯಾವುದಕ್ಕೆ? ಎಲ್ಲಿ?"

ಆಮೇಲೆ ಗೊತ್ತಾಯಿತು, ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು, ಒಳರಸ್ತೆ ಎರಡೂ ನಗರಸಭೆಯವು. ಹಾಗಾಗಿ ಮೊದಲು ರಸ್ತೆ ಯಾರದ್ದು ಅಂತ ಕೇಳಿ ತಿಳಿದುಕೊಳ್ಳಿ. ನಗರಸಭೆಯ ರಸ್ತೆಗೆ ಪೌರಾಯುಕ್ತರ ಹೆಸರಿಗೆ ಬರೆಯಿರಿ, ಸಂಚಾರ ಪೊಲೀಸ್ ಠಾಣೆಗೆ ಪ್ರತಿ ಕೊಡಿ. ಇನ್ನೊಂದು ಇಲಾಖೆಯ ರಸ್ತೆಗೆ ಪತ್ರವೇ ಬೇರೆ.

ಎರಡನೇ ಸಲ ಟೇಪ್ ಹಿಡಿದು ಅಳೆದೆವು. ಪತ್ರದ ಮುಖ್ಯ ಸಾಲು ಹೀಗಿತ್ತು:

"ಶಾಲೆಯ ಗೇಟಿನಿಂದ ಪೂರ್ವಕ್ಕೆ 20 ಮೀಟರ್ ದೂರದಲ್ಲಿರುವ ವಿದ್ಯುತ್ ಕಂಬದ ಎದುರು ಒಂದು ಹಂಪ್ ಬೇಕು. ಬೆಳಿಗ್ಗೆ 8.45ರಿಂದ 9.15ರವರೆಗೆ ಮಕ್ಕಳು ಇಲ್ಲೇ ರಸ್ತೆ ದಾಟುತ್ತಾರೆ. ಇಳಿಜಾರಿನಿಂದ ಬರುವವರಿಗೆ ತಿರುವಿನಲ್ಲಿ ಮಕ್ಕಳು ಕಾಣುವುದಿಲ್ಲ."

ಇದರ ಜೊತೆ ಕೈಯಲ್ಲಿ ಬರೆದ ನಕ್ಷೆ, ಆ ಹೊತ್ತಿನ ಎರಡು ಫೋಟೋ ಇಟ್ಟೆವು. ಹತ್ತು ದಿನದಲ್ಲಿ ಇಂಜಿನಿಯರ್ ಬಂದು ಆ ಕಂಬದ ಹತ್ತಿರವೇ ನಿಂತು ನೋಡಿದರು.

ಆದರೆ ಇಲ್ಲೇ ನಾವೊಂದು ತಪ್ಪು ಮಾಡಿದೆವು. ಹಂಪ್ ಮಾತ್ರ ಕೇಳಿದ್ದೆವು, ಹಂಪ್ ಮಾತ್ರ ಬಂತು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಕಪ್ಪು ಡಾಂಬರಿನ ಮೇಲೆ ಕಪ್ಪು ದಿಬ್ಬ, ರಾತ್ರಿ ಕಾಣುತ್ತಲೇ ಇರಲಿಲ್ಲ. ಅದೂ ಅಗಲ ಕಡಿಮೆ ಇದ್ದ, ಕಡಿದಾದ ದಿಬ್ಬ. ಮೊದಲ ವಾರವೇ ಸ್ಕೂಟರ್‌ನಲ್ಲಿ ಬಂದ ಒಬ್ಬ ಹೆಂಗಸು ಬಿದ್ದು ಮೊಣಕೈ ಮುರಿದುಕೊಂಡರು. ನಾವೇ ಕೇಳಿ ಹಾಕಿಸಿದ ಹಂಪ್ ಅದು. ಇವತ್ತಿಗೂ ಆ ಸಂಕಟ ಇದೆ.

ಅದಕ್ಕೇ ಹೇಳ್ತೀನಿ, ಎಲ್ಲವನ್ನೂ ಒಂದೇ ಪತ್ರದಲ್ಲಿ ಕೇಳಿ. ಸುಮ್ನೆ "ಹಂಪ್" ಅನ್ನಬೇಡಿ, "ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಪ್ರಕಾರ" ಅಂತ ಸೇರಿಸಿ. ಅದು ಹಂಪ್ ಹೇಗಿರಬೇಕು ಅಂತ ಹೇಳುವ ಮಾರ್ಗಸೂಚಿ. ಅದರಲ್ಲಿ ಹೇಳಿರುವ ಸಾಮಾನ್ಯ ಹಂಪ್ 10 ಸೆಂ.ಮೀ. ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ ಸುಮಾರು ಮೂರೂವರೆ ಮೀಟರ್ ಅಗಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದರೆ ಗಾಡಿ ಎಗರದೆ ಸಲೀಸಾಗಿ ಹತ್ತಿ ಇಳಿಯುತ್ತದೆ. ಅಗಲ ಕಡಿಮೆಯಾದಷ್ಟೂ ಹೊಡೆತ ಜಾಸ್ತಿ. ಹಂಪ್ ಮೇಲೆ ಕಪ್ಪು-ಬಿಳಿ ಪಟ್ಟೆ, 40 ಮೀಟರ್ ಮುಂಚೆಯೇ ಹಂಪ್ ಇದೆ ಎಂಬ ಬೋರ್ಡ್, ಕೆಂಪು ಅಂಚಿನ ತ್ರಿಕೋನದ ಶಾಲೆ ಬೋರ್ಡ್, ಇವನ್ನೂ ಬಿಡಿಸಿ ಬರೆಯಿರಿ. ಬೋರ್ಡ್‌ಗೆ ಮರದ ಕೊಂಬೆ ಅಡ್ಡ ಬರುತ್ತಾ ಅಂತ ಮೊದಲೇ ನೋಡಿಕೊಳ್ಳಿ.

ಸಹಿಗಳಲ್ಲಿ ಶಾಲೆಯ ಮುಖ್ಯೋಪಾಧ್ಯಾಯರದೂ ಇರಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ನಂಬರ್ ಹಾಕಿಸಿಕೊಳ್ಳಿ. ಮುಂದೆ ಪ್ರತಿ ಸಲವೂ ಆ ನಂಬರ್ ಹಿಡಿದೇ ಕೇಳಬೇಕಾಗುತ್ತದೆ. ಇಂಜಿನಿಯರ್ ಸ್ಥಳ ನೋಡಲು ಬರ್ತೀನಿ ಅಂದರೆ, ಶಾಲೆ ಬಿಡುವ ಹೊತ್ತಿಗೇ ಬನ್ನಿ ಅಂತ ಕರೆಯಿರಿ. ಮಧ್ಯಾಹ್ನ ಹನ್ನೆರಡಕ್ಕೆ ಆ ರಸ್ತೆ ಖಾಲಿ ಇರುತ್ತದೆ.