ಬಿಟ್ಟಿ ಟಿವಿ, ತೆರಿಗೆಯ ರೇಡಿಯೋ: ಯಾವುದರ ಖರ್ಚು ಯಾರ ತಲೆಗೆ?

ಪ್ರಶ್ನೆ: ನಮ್ಮ ತಂದೆ ಸಂಜೆಯಾದರೆ ಚಿತ್ರದುರ್ಗ ಆಕಾಶವಾಣಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಒಳಗೆ ನಾವು ಖಾಸಗಿ ವಾಹಿನಿಗಳ ಧಾರಾವಾಹಿ ನೋಡುತ್ತೇವೆ. ಖಾಸಗಿಯವರು ಸ್ವಂತ ದುಡ್ಡಿನಲ್ಲಿ ಇಷ್ಟೊಂದು ಕೊಡುವಾಗ, ನಮ್ಮ ತೆರಿಗೆಯಲ್ಲಿ ಹಳೆಯ ರೇಡಿಯೋ ಏಕೆ ನಡೆಸಬೇಕು? ಸರ್ಕಾರದ್ದನ್ನು ಕೇಳುವವರು ಯಾರು, ಖಾಸಗಿಯವರನ್ನು ಕೇಳುವವರು ಯಾರು?
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ‘ಸ್ವಂತ ದುಡ್ಡು’ ಎಂಬ ಮಾತನ್ನೇ ಮೊದಲು ಬಿಚ್ಚಿ ನೋಡೋಣ. ಕೆಲವು ವರ್ಷ ನಾನು ಒಂದು ಖಾಸಗಿ ವಾಹಿನಿಯ ಜಾಹೀರಾತು ವಿಭಾಗದಲ್ಲಿದ್ದೆ. ಅಲ್ಲಿ ಮಾರಾಟವಾಗುತ್ತಿದ್ದುದು ಕಾರ್ಯಕ್ರಮವಲ್ಲ, ಹತ್ತು ಸೆಕೆಂಡಿನ ತುಂಡುಗಳು. ಅದನ್ನು ‘ಸ್ಪಾಟ್’ ಎನ್ನುತ್ತಿದ್ದೆವು. ಕೇಬಲ್ ಟಿವಿ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ. ಅದರಲ್ಲಿ 10 ನಿಮಿಷ ಹೊರಗಿನ ಜಾಹೀರಾತಿಗೆ, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಅಂದರೆ ಅರ್ಧ ಗಂಟೆಯ ಧಾರಾವಾಹಿಯಲ್ಲಿ ಮಾರಲು ಸಿಗುವುದು 30 ಸ್ಪಾಟ್. ಲೆಕ್ಕಕ್ಕೆಂದು ಒಂದು ಸ್ಪಾಟಿಗೆ 5,000 ರೂಪಾಯಿ ಎಂದು ಹಿಡಿಯಿರಿ: ಎಲ್ಲವೂ ಮಾರಾಟವಾದರೆ ಒಂದೂವರೆ ಲಕ್ಷ. ಆ ಕಂತು ತಯಾರಿಸಲು ಒಂದು ಲಕ್ಷ ತಗುಲಿದ್ದರೆ ವಾಹಿನಿಗೆ ಐವತ್ತು ಸಾವಿರ ಉಳಿಯುತ್ತದೆ. ಆ ಒಂದೂವರೆ ಲಕ್ಷವನ್ನು ಸೋಪು ಕಂಪನಿ ತನ್ನ ಮನೆಯಿಂದ ತರುವುದಿಲ್ಲ, ಸೋಪಿನ ಬೆಲೆಯಲ್ಲಿ ಸೇರಿಸಿರುತ್ತದೆ. ಟಿವಿಯೇ ಇಲ್ಲದ ಮನೆಯವರೂ ಅಂಗಡಿಯಲ್ಲಿ ಅದನ್ನು ಕೊಟ್ಟೇ ಬರುತ್ತಾರೆ. ಅದರ ಮೇಲೆ ತಿಂಗಳ ಕೇಬಲ್ ಬಿಲ್ಲು ಬೇರೆ.

ಆಕಾಶವಾಣಿಯ ಹಣದ ದಾರಿ ಬೇರೆ. 1980ರ ದಶಕದವರೆಗೂ ನಮ್ಮ ಮನೆಗಳಲ್ಲಿ ರೇಡಿಯೋಗೆ ಲೈಸೆನ್ಸ್ ಪುಸ್ತಕವಿರುತ್ತಿತ್ತು, ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಬರಬೇಕಿತ್ತು. ನಿಮ್ಮ ತಂದೆಗೆ ನೆನಪಿರಬಹುದು. ಬ್ರಿಟನ್ನಿನ ಬಿಬಿಸಿಗೆ ಅಂಥ ಶುಲ್ಕವೇ ಇಂದಿಗೂ ಮುಖ್ಯ ಆಧಾರ. ನಮ್ಮಲ್ಲಿ ಅದು ನಿಂತುಹೋಯಿತು. ಈಗ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿಗೆ ಸಂಬಳದ ಬಹುಪಾಲು ಕೇಂದ್ರ ಸರ್ಕಾರದ ಅನುದಾನದಿಂದ ಬರುತ್ತದೆ. ಯಂತ್ರೋಪಕರಣಗಳಿಗೂ ಸರ್ಕಾರದ ಹಣವೇ. 2023ರಲ್ಲಿ ಇದಕ್ಕೆಂದೇ 2,539 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಉಳಿದದ್ದನ್ನು ಜಾಹೀರಾತು ಮುಂತಾದವುಗಳಿಂದ ತಾನೇ ದುಡಿಯಬೇಕು. ಹಾಗಾಗಿ ನಮ್ಮ ಸಾರ್ವಜನಿಕ ಪ್ರಸಾರ ಅಪ್ಪಟ ಸಾರ್ವಜನಿಕವೂ ಅಲ್ಲ, ಅಪ್ಪಟ ವಾಣಿಜ್ಯವೂ ಅಲ್ಲ. ಈ ಇಬ್ಬಂದಿತನ ಮುಂದೆ ಮತ್ತೆ ಬರುತ್ತದೆ.

ಹಣ ಯಾವ ಕಡೆಯಿಂದ ಬರುತ್ತದೋ ಕಾರ್ಯಕ್ರಮ ಆ ಕಡೆಗೆ ವಾಲುತ್ತದೆ. ಜಗಳೂರು, ಚಳ್ಳಕೆರೆಯ ಶೇಂಗಾ ಬೆಳೆಯನ್ನೇ ತೆಗೆದುಕೊಳ್ಳಿ. ಹೂ ಬಿಟ್ಟು ಊಡು ನೆಲಕ್ಕಿಳಿಯುವ ಹೊತ್ತಿಗೆ ಎಕರೆಗೆ ಸುಮಾರು 200 ಕೆ.ಜಿ. ಜಿಪ್ಸಂ ಹಾಕಿ ಮಣ್ಣು ಏರಿಸಿದರೆ ಕಾಯಿ ಗಟ್ಟಿಯಾಗಿ ತುಂಬುತ್ತದೆ. ಇದು ಕೃಷಿ ವಿಜ್ಞಾನಿಗಳು ವರ್ಷವರ್ಷವೂ ಹೇಳುವ ಮಾತು. ಜಿಪ್ಸಂ ಅಗ್ಗದ ವಸ್ತು, ಅದರಲ್ಲಿ ಜಾಹೀರಾತು ಕೊಡುವಷ್ಟು ಲಾಭ ಯಾರಿಗೂ ಇಲ್ಲ. ಅದೇ ಶೇಂಗಾದ ಎಲೆಚುಕ್ಕೆ ರೋಗಕ್ಕೆ ಸಿಂಪಡಿಸುವ ಔಷಧಿ ಮಾರುವವರು ಬೇಕಾದಷ್ಟು ಜನರಿದ್ದಾರೆ. ವಾಣಿಜ್ಯ ವಾಹಿನಿಯಲ್ಲಿ ಶೇಂಗಾ ಕುರಿತ ಅರ್ಧ ಗಂಟೆ ಬರುವುದಾದರೆ ಅದಕ್ಕೆ ಪ್ರಾಯೋಜಕರಾಗಿ ಸಿಗುವವರು ಇವರೇ. ಅಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ, ಎಲೆಚುಕ್ಕೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಜಿಪ್ಸಂ ಬಗ್ಗೆ ಸುಮ್ಮನಿದ್ದರೆ ಸಾಕು. ‘ಈ ವಾರ ಸಿಂಪಡಣೆ ಬೇಡ, ಕಾಯಿರಿ’ ಎನ್ನುವ ವಿಜ್ಞಾನಿಯನ್ನು ಎರಡನೆಯ ಬಾರಿ ಕರೆಯದಿದ್ದರೆ ಸಾಕು. ನಿಮ್ಮ ತಂದೆ ಕೇಳುವ ರೇಡಿಯೋದ ಕೃಷಿ ವಿಭಾಗಕ್ಕೆ ಈ ಒತ್ತಡವಿಲ್ಲ. ಅದಕ್ಕೆ ಇರುವ ಒತ್ತಡ ಬೇರೆ: ಸರ್ಕಾರದ ಬೆಳೆ ವಿಮೆ ಯೋಜನೆಯನ್ನು ಹಾಡಿ ಹೊಗಳುತ್ತದೆ, ವಿಮೆ ಹಣ ಬಾರದ ರೈತನ ಧ್ವನಿ ಮಾತ್ರ ಅದೇ ಉತ್ಸಾಹದಲ್ಲಿ ಕೇಳಿಬರುವುದಿಲ್ಲ.

ವಾಹಿನಿಗಳು ಹೆಚ್ಚಾದರೆ ವೈವಿಧ್ಯವೂ ಹೆಚ್ಚಬೇಕಲ್ಲವೇ ಎಂದು ನೀವು ಕೇಳಬಹುದು. ದಾವಣಗೆರೆಯಲ್ಲಿ ಒಂದು ಬೆಣ್ಣೆ ದೋಸೆ ಹೋಟೆಲು ಚೆನ್ನಾಗಿ ನಡೆದರೆ ಪಕ್ಕದಲ್ಲಿ ತೆರೆಯುವ ಎರಡನೆಯದೂ ಬೆಣ್ಣೆ ದೋಸೆಯದೇ ಆಗಿರುತ್ತದೆ, ರೊಟ್ಟಿ ಖಾನಾವಳಿ ಆಗುವುದಿಲ್ಲ. ಪ್ರಸಾರದ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹಳೆಯ ಲೆಕ್ಕವಿದೆ. ನೂರು ಮನೆಗಳಿವೆ ಎನ್ನೋಣ. ರಾತ್ರಿ ಎಂಟಕ್ಕೆ 80 ಮನೆಗೆ ಧಾರಾವಾಹಿ ಬೇಕು, 12ಕ್ಕೆ ಬಯಲಾಟ, 8ಕ್ಕೆ ಕೃಷಿ. ಮೊದಲ ವಾಹಿನಿ ಧಾರಾವಾಹಿ ಹಾಕಿ 80 ಮನೆಯನ್ನೂ ಹಿಡಿಯುತ್ತದೆ. ಎರಡನೆಯದು ಬಂದು ಅದನ್ನೇ ಹಾಕಿದರೆ ಇಬ್ಬರಿಗೂ 40. ಬಯಲಾಟ ಹಾಕಿದ್ದರೆ ಅದಕ್ಕೆ ಸಿಗುತ್ತಿದ್ದುದು 12, ಹಾಗಾಗಿ ಅದೂ ಧಾರಾವಾಹಿಯೇ. ನಾಲ್ಕನೆಯದಕ್ಕೆ 20, ಐದನೆಯದಕ್ಕೆ 16, ಆರನೆಯದಕ್ಕೂ 13 ಚಿಲ್ಲರೆ ಸಿಗುತ್ತದೆ. ಏಳನೆಯ ವಾಹಿನಿ ಬಂದಾಗ ಮಾತ್ರ ಪಾಲು 12ಕ್ಕಿಂತ ಕೆಳಗೆ ಇಳಿದು, ಅದು ಬಯಲಾಟದ ಕಡೆ ತಿರುಗುತ್ತದೆ. ಕೃಷಿಯ ಎಂಟು ಮನೆಗಳ ಸರದಿ ಬರಬೇಕಾದರೆ ಹನ್ನೊಂದನೆಯ ವಾಹಿನಿಯವರೆಗೆ ಕಾಯಬೇಕು. ಇದೂ ಎಲ್ಲ ಮನೆಗೂ ಒಂದೇ ಬೆಲೆ ಎಂದು ಹಿಡಿದ ಲೆಕ್ಕ. ಜಾಹೀರಾತುದಾರ ಹಾಗೆ ಹಿಡಿಯುವುದಿಲ್ಲ. ಸಾಮಾನು ಹೆಚ್ಚು ಕೊಳ್ಳುವ ನಗರದ ಮನೆಗೆ ಹೆಚ್ಚು ಕೊಡುತ್ತಾನೆ, ಜಗಳೂರಿನ ಜಗಲಿಗೆ ಕಡಿಮೆ. ಕೃಷಿ ಕೇಳುವ ಮನೆಗೆ ಅರ್ಧ ಬೆಲೆ ಕಟ್ಟಿದರೆ ಆ 8 ಮನೆ 4ಕ್ಕೆ ಸಮ. ಆಗ ಹನ್ನೊಂದನೆಯ ವಾಹಿನಿಯೂ ಅತ್ತ ಬರುವುದಿಲ್ಲ.

ಖಾಸಗಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಒಬ್ಬನೇ ಮಾಲೀಕನ ಕೈಯಲ್ಲಿ ನಾಲ್ಕು ವಾಹಿನಿಗಳಿದ್ದರೆ ತನ್ನ ನೋಡುಗರನ್ನು ತಾನೇ ಒಡೆದುಕೊಳ್ಳಬಾರದೆಂದು ಅವನು ಒಂದರಲ್ಲಿ ಧಾರಾವಾಹಿ, ಒಂದರಲ್ಲಿ ಸಿನಿಮಾ, ಮತ್ತೊಂದರಲ್ಲಿ ಹಾಡು ಎಂದು ಹಂಚುತ್ತಾನೆ. ಕನ್ನಡದಲ್ಲಿ ಸಿನಿಮಾ ಮತ್ತು ಹಾಡಿನ ವಾಹಿನಿಗಳು ಹೆಚ್ಚಿದ್ದರ ಹಿಂದೆ ಈ ಲೆಕ್ಕಾಚಾರವೂ ಇದೆ. ದೂರದರ್ಶನ ಒಂದೇ ಇದ್ದ ಕಾಲಕ್ಕಿಂತ ಹಾಸ್ಯ, ಸುದ್ದಿ, ಆಟೋಟ ಎಲ್ಲವೂ ಈಗ ಹೆಚ್ಚು ಸಿಗುತ್ತವೆ. ಸಿಗದಿರುವುದು ಎಂಟು ಮನೆಯವರದು ಮಾತ್ರ. ಸರ್ಕಾರ ಇದಕ್ಕೆ ಒಂದು ತೇಪೆ ಹಾಕಿದೆ: ಖಾಸಗಿ ವಾಹಿನಿಗಳು ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ವಿಷಯ ಪ್ರಸಾರ ಮಾಡಬೇಕೆಂದು 2022ರ ಮಾರ್ಗಸೂಚಿಯಲ್ಲಿದೆ. ನೋಡುವವರು ಕಡಿಮೆ ಇರುವ ಹೊತ್ತಿನ ಅರ್ಧ ಗಂಟೆಯೂ ಅರ್ಧ ಗಂಟೆಯೇ.

ಹಾಗೆಂದು ಸಾರ್ವಜನಿಕ ಪ್ರಸಾರ ತಾನಾಗಿಯೇ ವೈವಿಧ್ಯ ಕೊಡುತ್ತದೆ ಎಂದೂ ನಾನು ಹೇಳಲಾರೆ. ಜಾಹೀರಾತಿನ ಗುರಿ ಕೊಟ್ಟು ಕೂರಿಸಿದರೆ ಅದೂ ದೋಸೆ ಹೋಟೆಲಿನ ಪಕ್ಕಕ್ಕೇ ಬರುತ್ತದೆ. ಸ್ಥಳೀಯ ಕೇಂದ್ರಗಳಲ್ಲಿ ಖಾಯಂ ಹುದ್ದೆಗಳು ಖಾಲಿ ಬಿದ್ದು, ಸಾಂದರ್ಭಿಕ ಉದ್ಘೋಷಕರಿಂದ ಪಾಳಿ ತುಂಬಿಸುವ ಸ್ಥಿತಿ ಬಂದಾಗ ಮೊದಲು ಕಡಿತವಾಗುವುದು ಹಳ್ಳಿಗೆ ಹೋಗಿ ಮಾಡುವ ಧ್ವನಿಮುದ್ರಣ. ಅದಕ್ಕೆ ವಾಹನ ಬೇಕು, ಜೊತೆಗೊಬ್ಬ ಸಹಾಯಕ ಬೇಕು, ವಾಪಸು ಬಂದ ಮೇಲೆ ಸಂಕಲನಕ್ಕೆ ಒಂದು ದಿನ ಬೇಕು. ಬೇರೆ ಕೇಂದ್ರದ ಕಾರ್ಯಕ್ರಮ ಸಹಪ್ರಸಾರ ಮಾಡಲು ಒಂದು ಗುಂಡಿ ಒತ್ತಿದರೆ ಆಯಿತು. ನಿಮ್ಮ ತಂದೆಯ ರೇಡಿಯೋದಲ್ಲಿ ಇದನ್ನು ಅಳೆಯುವುದು ಸುಲಭ. ಒಂದು ವಾರ 102.6ರಲ್ಲಿ ‘ಸಹಪ್ರಸಾರ’ ಎಂಬ ಪ್ರಕಟಣೆ ದಿನಕ್ಕೆ ಎಷ್ಟು ಸಲ ಬರುತ್ತದೆ, ನಮ್ಮ ಸೀಮೆಯ ಊರುಗಳ ಹೆಸರು ಎಷ್ಟು ಸಲ ಬರುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ.

ಇನ್ನು ಕೇಳುವವರು ಯಾರು ಎಂಬ ಪ್ರಶ್ನೆ. ಖಾಸಗಿ ವಾಹಿನಿಯನ್ನು ದಿನನಿತ್ಯ ಕೇಳುವುದು ಟಿಆರ್‌ಪಿ. ದೇಶದ ಕೋಟಿಗಟ್ಟಲೆ ಟಿವಿ ಮನೆಗಳ ಪರವಾಗಿ ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ ಇಟ್ಟ ಮೀಟರು ಅದನ್ನು ಹೇಳುತ್ತದೆ. ಎಷ್ಟು ಜನ ನೋಡಿದರು ಎಂದು ಹೇಳುತ್ತದೆ, ನೋಡಿ ಬೈದುಕೊಂಡರೇ ಎಂದು ಹೇಳುವುದಿಲ್ಲ. ಬೈಯುವವರಿಗೆ 2021ರ ತಿದ್ದುಪಡಿ ನಿಯಮಗಳಲ್ಲಿ ದಾರಿಯಿದೆ. ವಾಹಿನಿಗೆ ಲಿಖಿತ ದೂರು ಕೊಟ್ಟರೆ 15 ದಿನದಲ್ಲಿ ಅದು ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದೊಳಗೆ ಆ ವಾಹಿನಿ ಸದಸ್ಯನಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ, ಅದಕ್ಕೆ 60 ದಿನದ ಗಡುವು. ಆಮೇಲೆ ಕೇಂದ್ರ ಸರ್ಕಾರ. ಆದರೆ ಇಲ್ಲಿ ನೀವು ಕೇಳಬಹುದಾದದ್ದು ‘ಪ್ರಸಾರ ಮಾಡಿದ್ದು ತಪ್ಪು’ ಎಂದು ಮಾತ್ರ. ಏಕೆ ಪ್ರಸಾರ ಮಾಡಲಿಲ್ಲ, ಎಷ್ಟು ಖರ್ಚು ಮಾಡಿದಿರಿ, ಆ ಕೃಷಿ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟವರು ಯಾರು ಎಂದು ಕೇಳಿದರೆ ಉತ್ತರಿಸಬೇಕಾದ ಹಂಗು ಅವರಿಗಿಲ್ಲ.

ಆಕಾಶವಾಣಿಗೆ ಆ ಹಂಗು ಇದೆ. ಪ್ರಸಾರ ಭಾರತಿ ಮಾಹಿತಿ ಹಕ್ಕು ಕಾಯ್ದೆಯಡಿ ಬರುತ್ತದೆ, ಅದರ ಲೆಕ್ಕವನ್ನು ಮಹಾಲೇಖಪಾಲರು ಪರಿಶೋಧಿಸುತ್ತಾರೆ, ವಾರ್ಷಿಕ ವರದಿ ಸಂಸತ್ತಿನ ಮುಂದೆ ಹೋಗುತ್ತದೆ. ಇಷ್ಟರ ಮೇಲೂ ದೊಡ್ಡ ತೂತು ಒಂದಿದೆ. 1990ರ ಪ್ರಸಾರ ಭಾರತಿ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ 22 ಸಂಸದರ ಸಮಿತಿಯೊಂದನ್ನು, 14ನೇ ಸೆಕ್ಷನ್ನಿನಲ್ಲಿ ಕೇಳುಗರ ದೂರು ಆಲಿಸುವ ಪ್ರಸಾರ ಮಂಡಳಿಯೊಂದನ್ನು ಹೇಳಿದೆ. ಸಂಸ್ಥೆ ಹುಟ್ಟಿದ್ದು 1997ರ ನವೆಂಬರಿನಲ್ಲಿ, ದಾವಣಗೆರೆ ನಮ್ಮ ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾದ ಅದೇ ವರ್ಷ. ಜಿಲ್ಲೆಗೆ ಕಚೇರಿಗಳೆಲ್ಲ ಬಂದವು, ಆ ಸಮಿತಿ ಮತ್ತು ಮಂಡಳಿ ಮಾತ್ರ ಕಾಗದದಲ್ಲೇ ಉಳಿದವು. ಕೇಂದ್ರ ಸರ್ಕಾರ ನಿರ್ದೇಶನ ಕೊಡಬಹುದೆಂಬ 23ನೇ ಸೆಕ್ಷನ್ ಮಾತ್ರ ಚೆನ್ನಾಗಿ ಜೀವಂತವಾಗಿದೆ. ಹೀಗಾಗಿ ಹೆಸರಿಗೆ ಸ್ವಾಯತ್ತ ಸಂಸ್ಥೆ, ಮುಖ ಮಾಡಿರುವುದು ದೆಹಲಿಯ ಕಡೆ. ಸರ್ಕಾರವನ್ನೇ ಪ್ರಶ್ನಿಸುವ ಸುದ್ದಿಯನ್ನು ನಾನೂ ಅಲ್ಲಿ ಹುಡುಕುವುದಿಲ್ಲ.

ತೆರಿಗೆಯ ಹಣ ಅಲ್ಲಿ ಹೋಗಬೇಕೇ ಎಂದರೆ ನನ್ನ ಉತ್ತರ ಹೌದು, ಆದರೆ ಧಾರಾವಾಹಿಗೆ, ಸಿನಿಮಾ ಹಾಡಿಗೆ ಅಲ್ಲ. ಅವುಗಳನ್ನು ಸೋಪು ಕಂಪನಿ ನೋಡಿಕೊಳ್ಳುತ್ತದೆ. ನಿಮಗೆ ನಿಜಕ್ಕೂ ಲೆಕ್ಕ ಕೇಳುವ ಮನಸ್ಸಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೇಂದ್ರದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಬರೆಯಿರಿ. ‘ಕೃಷಿ ಕಾರ್ಯಕ್ರಮಗಳ ವಿವರ ಕೊಡಿ’ ಎಂದು ಬರೆದರೆ ಒಂದು ಸಾಲಿನ ಉತ್ತರ ಬರುತ್ತದೆ. ಇಂಥ ತಿಂಗಳ 1ರಿಂದ 30ರವರೆಗಿನ ದಿನದ ಪ್ರಸಾರದ ಪಟ್ಟಿಯಾದ ಕ್ಯೂಶೀಟಿನ ದಿನವಾರು ಪ್ರತಿ, ಅದರಲ್ಲಿ ಸ್ವಂತ ನಿರ್ಮಾಣ ಯಾವುದು, ಸಹಪ್ರಸಾರ ಯಾವುದು, ಹೊರಗೆ ಹೋಗಿ ಧ್ವನಿಮುದ್ರಿಸಿದ್ದು ಯಾವ ಊರಿನಲ್ಲಿ, ಪ್ರಾಯೋಜಿತ ಕಾರ್ಯಕ್ರಮಕ್ಕೆ ಹಣ ಕೊಟ್ಟವರು ಯಾರು ಎಂದು ಬಿಡಿಬಿಡಿಯಾಗಿ ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ. ಅದು ಬಂದಾಗ ತಂದೆಯವರ ಕ್ಯಾಲೆಂಡರಿನ ಗುರುತುಗಳನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ. ಎರಡೂ ಒಂದಕ್ಕೊಂದು ಹೊಂದದ ದಿನಗಳು ಸಿಕ್ಕರೆ ನನಗೂ ಬರೆದು ತಿಳಿಸಿ.